ಒಂದೇ ಗಾದೆ, ಮೂರು ಅರ್ಥ

“ನನ್ನ ಹಾಡಿನ ಪಲ್ಲವಿಗೆ ‘ಹನಿ ಹನಿ ಕೂಡಿದರೆ ಹಳ್ಳ’ ಗಾದೆ ಇಟ್ಟಿದ್ದೇನೆ. ಮೂರು ಚರಣಗಳೂ ಒಂದೇ ಮಾತು ಹೇಳುತ್ತಿವೆ. ಏನು ಮಾಡಲಿ?”

ನಮಸ್ಕಾರ. ಚರಣಕ್ಕೊಂದರಂತೆ ನಾಣ್ಯ, ಅಕ್ಕಿ, ಅಕ್ಷರ ಎಂದು ಉದಾಹರಣೆ ಬದಲಿಸಿದರೆ ಅರ್ಥ ಬದಲಾಗುವುದಿಲ್ಲ. ಚರಣಗಳನ್ನು ಹಿಂದುಮುಂದು ಮಾಡಿ ಹಾಡಿನೋಡಿ, ಏನೂ ಕೆಡದಿದ್ದರೆ ದೋಷ ಅಲ್ಲಿಯೇ ಇದೆ. ಪಲ್ಲವಿಯನ್ನು ಮುಟ್ಟಬೇಡಿ. ‘ಹಳ್ಳ’ ಎಂಬ ಪದವನ್ನೇ ಹಿಡಿಯಿರಿ, ಏಕೆಂದರೆ ಅದು ತೊರೆಯೂ ಹೌದು, ಗುಂಡಿಯೂ ಹೌದು.

ಮಲ್ಪೆಯಲ್ಲಿ ಮೀನು ಮಾರುವ ತಾಯಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಮೊದಲ ಚರಣ “ಅಮ್ಮನ ಡಬ್ಬಿಗೆ ನಾಣ್ಯ ಬಿತ್ತು” ಎಂದು ಮುಗಿದರೆ ಹಳ್ಳವು ಉಳಿತಾಯದ ತೊರೆಯಾಗುತ್ತದೆ. ಎರಡನೆಯದು “ಸಾಲದ ಚೀಟಿಗೆ ಸಹಿ ಬಿತ್ತು” ಎಂದು ಮುಗಿದಾಗ ಅದೇ ಪಲ್ಲವಿ ಕುಟುಂಬವು ಬೀಳುವ ಗುಂಡಿಯನ್ನು ತೋರಿಸುತ್ತದೆ. ಮೂರನೆಯದರಲ್ಲಿ ಮಗ ಊರು ಬಿಟ್ಟಿದ್ದಾನೆ. “ನುಂಗಿದ ಮಾತು ನಡುವೆ ಬಿತ್ತು” ಎಂದಾಗ ಹಳ್ಳವು ತಾಯಿ ಮಗ ದಾಟಲಾರದ ದೂರವಾಗುತ್ತದೆ.

ಮೂರು ಕಡೆಯೂ ‘ಬಿತ್ತು’ ಎಂಬ ಕ್ರಿಯಾಪದವನ್ನೇ ಉಳಿಸಿದ್ದು ಉದ್ದೇಶಪೂರ್ವಕ: ಪ್ರಾಸ ಸಿಗುವುದಲ್ಲದೆ, ಪಲ್ಲವಿಗೆ ಮುನ್ನ ಹನಿ ಬೀಳುವ ಚಿತ್ರವೂ ಕೇಳುಗನ ಮನಸ್ಸಿನಲ್ಲಿ ಸಿದ್ಧವಾಗಿರುತ್ತದೆ. ಚರಣದೊಳಗೆ ಮಾತ್ರ ‘ಹನಿ’, ‘ಹಳ್ಳ’ ಪದಗಳನ್ನು ದಯವಿಟ್ಟು ಬಳಸಬೇಡಿ. ಮೊದಲೇ ಹೇಳಿಬಿಟ್ಟರೆ ಪಲ್ಲವಿಯ ತಿರುವು ಸತ್ತುಹೋಗುತ್ತದೆ.