"ನನ್ನ ಮೇಲೆ ಬೇಜಾರಾ?" ಅಂತ ಮತ್ತೆ ಮತ್ತೆ ಕೇಳುವುದನ್ನು ನಿಲ್ಲಿಸುವುದು ಹೇಗೆ?

"ಅವನ ರಿಪ್ಲೈ ಅರ್ಧ ಗಂಟೆ ತಡ ಆದ್ರೂ ಎದೆ ಡವಡವ ಅನ್ನುತ್ತೆ. ‘ನನ್ನ ಮೇಲೆ ಬೇಜಾರಾ?’ ಅಂತ ಕೇಳ್ತಾನೇ ಇರ್ತೀನಿ. ‘ಇಲ್ಲ ಕಣೇ’ ಅಂದ್ರೆ ಸ್ವಲ್ಪ ಹೊತ್ತು ಸರಿ, ಆಮೇಲೆ ಮತ್ತೆ ಶುರು. ಅವನಿಗೂ ಸಾಕಾಗಿದೆ ಅನ್ಸುತ್ತೆ. ಇಬ್ಬರೂ ಬೆಂಗಳೂರಲ್ಲೇ ಕೆಲಸದಲ್ಲಿದ್ದೀವಿ. ಏನು ಮಾಡ್ಲಿ?"

ನಾನು ಬೆಂಗಳೂರಿನಲ್ಲಿ ಕೌನ್ಸೆಲಿಂಗ್ ಮಾಡುತ್ತೇನೆ. ಈ ತೊಂದರೆ ಹೇಳಿಕೊಂಡು ಬರುವವರೆಲ್ಲ ಮೊದಲು ಕೇಳುವುದು ರಿಪ್ಲೈ ಬೇಗ ಬರುವ ಹಾಗೆ ಮಾಡುವುದು ಹೇಗೆ ಅಂತ. ನಾನು ಮೊದಲು ನೋಡುವುದು ರಿಪ್ಲೈ ಬಂದ ಮೇಲೆ ಏನಾಗುತ್ತದೆ ಅಂತ. ಭಯ ಏರಿದಾಗ ಕೇಳುತ್ತೀರಿ, "ಇಲ್ಲ ಕಣೇ" ಅನ್ನುವ ಉತ್ತರ ಬರುತ್ತದೆ, ಭಯ ತಕ್ಷಣ ಇಳಿಯುತ್ತದೆ. ಹಾಗೆ ಇಳಿದಾಗಲೆಲ್ಲ ಮನಸ್ಸು ಒಂದು ಪಾಠ ಕಲಿಯುತ್ತದೆ: ಕೇಳಿದ್ದಕ್ಕೇ ಬಚಾವಾದೆ. ಕೇಳದೇ ಇದ್ದಿದ್ದರೂ ಭಯ ತಾನಾಗೇ ಇಳಿಯುತ್ತಿತ್ತು ಅನ್ನುವುದನ್ನು ನೋಡುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ. ಹಾಗಾಗಿ ಮುಂದಿನ ಸಲ ಇನ್ನೂ ಬೇಗ ಕೇಳಬೇಕು ಅನ್ನಿಸುತ್ತದೆ. ತುರಿಕೆ ಇದ್ದ ಹಾಗೆ ಇದು. ತುರಿಸಿಕೊಂಡಾಗ ಹಾಯ್ ಅನ್ನಿಸುತ್ತದೆ, ಗಾಯ ಮಾತ್ರ ಆರುವುದಿಲ್ಲ.

ಒಂದು ಜೋಡಿಯ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಹುಡುಗಿಗೆ ಹೆಬ್ಬಾಳದ ಕಡೆ ಆಫೀಸು. ಹುಡುಗ ಬೊಮ್ಮಸಂದ್ರದ ಫ್ಯಾಕ್ಟರಿಯಲ್ಲಿ. ಶಿಫ್ಟಿನಲ್ಲಿ ಫೋನ್ ಲಾಕರ್‌ನಲ್ಲಿ ಇಡಬೇಕು. ಅದು ಅವಳಿಗೂ ಗೊತ್ತು. ಹಗಲೆಲ್ಲ ಹೇಗೋ ತಡೆದುಕೊಳ್ಳುತ್ತಿದ್ದಳು. ಕಷ್ಟ ಆಗುತ್ತಿದ್ದದ್ದು ಸಂಜೆ ಶಿಫ್ಟ್ ಬಿಟ್ಟ ಮೇಲೆ.

ಒಂದು ಸಂಜೆಯ ಚಾಟ್ ಅವಳೇ ತೋರಿಸಿದಳು. 6:10ಕ್ಕೆ "ಹೊರಟ್ಯಾ?" ಅಂತ ಕಳಿಸಿದ್ದಳು. 6:25ಕ್ಕೆ ಎರಡು ಗೆರೆ ನೀಲಿಯಾಯಿತು, ಉತ್ತರ ಇಲ್ಲ. 6:32ಕ್ಕೆ "ಓದಿ ಯಾಕೆ ಸುಮ್ನಿದ್ದೀಯ?" ಆಮೇಲೆ ಎರಡು ಮಿಸ್ಡ್ ಕಾಲ್. 6:45ಕ್ಕೆ "ಸರಿ ಬಿಡು, ನಾನೇ ತೊಂದರೆ ನಿಂಗೆ." ಅದನ್ನೂ ಡಿಲೀಟ್ ಮಾಡಿದ್ದಳು. 7:05ಕ್ಕೆ ಅವನ ಫೋನ್: "ಬಸ್ಸಲ್ಲಿ ಕಾಲಿಡೋಕೂ ಜಾಗ ಇರ್ಲಿಲ್ಲ, ಇಳಿದು ಮಾಡೋಣ ಅಂದ್ಕೊಂಡೆ. ಬೇಜಾರು ಏನೂ ಇಲ್ಲ." ಅವಳಿಗೆ ಸಮಾಧಾನ ಆಯಿತು. ರಾತ್ರಿ ಒಂಬತ್ತಕ್ಕೆ ಮತ್ತೆ ಕೇಳಿದಳು, "ನಿಜವಾಗ್ಲೂ ಕೋಪ ಇಲ್ವಾ? ದನಿ ಬೇರೆ ಥರ ಇತ್ತು."

ಈ ಚಕ್ರದಲ್ಲಿ ಇದ್ದದ್ದು ಅವಳೊಬ್ಬಳೇ ಅಲ್ಲ. ಅವನು ಕೆಲವು ದಿನ ಒಂದೇ ಮೆಸೇಜಿಗೆ ಉತ್ತರ ಕೊಡುತ್ತಿದ್ದ, ಕೆಲವು ದಿನ ಐದನೆಯ ಮೆಸೇಜಿಗೆ. ಯಾವಾಗ ಉತ್ತರ ಸಿಗುತ್ತದೆ ಅಂತ ಹೇಳಲಾಗದ ಸ್ಥಿತಿಯಲ್ಲಿ ಅಭ್ಯಾಸ ಬಿಡಿಸುವುದು ಎಷ್ಟು ಕಷ್ಟ ಅನ್ನುವುದನ್ನು ಮನೋವಿಜ್ಞಾನಿಗಳಾದ ಫರ್ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲೇ ಪಾರಿವಾಳಗಳ ಪ್ರಯೋಗಗಳಿಂದ ವಿವರವಾಗಿ ತೋರಿಸಿದ್ದಾರೆ. ಐದನೆಯದಕ್ಕೆ ಉತ್ತರ ಸಿಕ್ಕರೆ ಮನಸ್ಸು ಐದರ ತನಕ ಹೋಗಲು ಕಲಿಯುತ್ತದೆ. ಅವನು ಒಳ್ಳೆಯವನೇ. ಆದರೆ ಸುಸ್ತಾಗಿ ಸುಮ್ಮನಿದ್ದು, ಆಮೇಲೆ ಪಾಪ ಅನ್ನಿಸಿ ಸಮಾಧಾನ ಮಾಡುವ ಅವನ ರೀತಿಯೇ ಈ ಚಕ್ರವನ್ನು ತಿರುಗಿಸುತ್ತಿತ್ತು.

ಮೊದಲ ವಾರ ನಾನು ಏನನ್ನೂ ನಿಲ್ಲಿಸಲು ಹೇಳಲಿಲ್ಲ. ಬರೀ ಬರೆದುಕೊಳ್ಳಬೇಕಿತ್ತು. ಭಯ ಬಂದ ಹೊತ್ತು ಯಾವುದು, ಆ ಕ್ಷಣದಲ್ಲಿ ಮನಸ್ಸು ಕೊಟ್ಟ ಕಾರಣ ಏನು, ಭಯಕ್ಕೆ ನೂರರಲ್ಲಿ ಎಷ್ಟು ಅಂಕ, ಏನು ಮಾಡಿದೆ, ಆಮೇಲೆ ಗೊತ್ತಾದ ನಿಜವಾದ ಕಾರಣ ಏನು. ಮನಸ್ಸು ಕೊಟ್ಟ ಕಾರಣವನ್ನು ಅವನ ಉತ್ತರ ಬರುವ ಮೊದಲೇ ಬರೆಯಬೇಕು. ಆಮೇಲೆ ಬರೆದರೆ "ನಾನು ಅಷ್ಟೇನೂ ಹೆದರಿರಲಿಲ್ಲ" ಅನ್ನಿಸಿಬಿಡುತ್ತದೆ. ಅವಳ ಪುಸ್ತಕದ ಒಂದು ಕಡೆ "ನನ್ನ ಮೇಲೆ ಆಸಕ್ತಿ ಹೋಗಿದೆ", "ನಿನ್ನೆ ನಾನು ಅಂದ ಮಾತು ಮನಸ್ಸಲ್ಲಿಟ್ಟುಕೊಂಡಿದ್ದಾನೆ" ಅಂತಿತ್ತು. ಇನ್ನೊಂದು ಕಡೆ ಬಸ್ಸು, ಚಾರ್ಜು, ಅಮ್ಮನ ಫೋನ್, ನಿದ್ದೆ. ನೋಡಿದ ತಕ್ಷಣ ಅವಳ ಭಯ ಹೋಗಲಿಲ್ಲ. ಆದರೆ "ನನಗೆ ಹೀಗನ್ನಿಸುತ್ತಿದೆ" ಮತ್ತು "ಹೀಗಾಗಿದೆ" ಎರಡೂ ಬೇರೆ ಅನ್ನುವುದು ಕಣ್ಣೆದುರು ಬಂತು.

ಆಮೇಲೆ ಕಾಯುವ ಅಭ್ಯಾಸ. ಕೇಳಲೇಬೇಕು ಅನ್ನಿಸಿದಾಗ ಹತ್ತು ನಿಮಿಷ ತಡೆಯುವುದು. ಹತ್ತರ ನಂತರ ಕೇಳಲು ಅನುಮತಿ ಇದೆ. ಗೀಳಿನ ಕಾಯಿಲೆಗೆ, ಅಂದರೆ ಓಸಿಡಿಗೆ, ಕೊಡುವ ಚಿಕಿತ್ಸೆಯಲ್ಲೂ ಇದೇ ತತ್ವ ಇದೆ: ಭಯದ ಎದುರು ಇದ್ದುಕೊಂಡು, ಅದನ್ನು ಇಳಿಸುವ ಕೆಲಸ ಮಾಡದೇ ಇರುವುದು. ನಡುನಡುವೆ ಅಂಕ ಬರೆಯಬೇಕು. ಅವಳ ಭಯ ಒಂದು ದಿನ 80ರಿಂದ ಶುರುವಾಗಿ 90ಕ್ಕೆ ಏರಿತು, ಆಮೇಲೆ ಯಾರೂ ಏನೂ ಹೇಳದೇ 65ಕ್ಕೆ ಇಳಿಯಿತು. ಆ 65 ನೋಡಿ ಅವಳಿಗೇ ಆಶ್ಚರ್ಯ. ಹತ್ತು ಸುಲಭವಾದ ಮೇಲೆ ಇಪ್ಪತ್ತು, ಆಮೇಲೆ ನಲವತ್ತು. ಭಯ ಸೊನ್ನೆ ಆಗಬೇಕು ಅಂತ ಕಾಯಬೇಡಿ. ಭಯ ಇದ್ದಾಗಲೂ ಕೇಳದೆ ಇರಬಲ್ಲೆ ಅನ್ನುವುದು ಸಾಕು.

ಇಲ್ಲಿ ಜಾಸ್ತಿ ಜನ ಎಡವುವುದು ವೇಷ ಬದಲಿಸಿದ ಪ್ರಶ್ನೆಗಳಲ್ಲಿ. "ಬೇಜಾರಾ?" ಅಂತ ಕೇಳುವುದಿಲ್ಲ, ಬದಲಿಗೆ "ಊಟ ಆಯ್ತಾ?" ಅಂತ ಕಳಿಸುತ್ತಾರೆ. ನಮ್ಮಲ್ಲಿ ಅದಕ್ಕಿಂತ ಪ್ರೀತಿಯ ಮಾತು ಇನ್ಯಾವುದಿದೆ? ಆದರೆ ಅದು ಪ್ರೀತಿಯೋ ಪರೀಕ್ಷೆಯೋ ಅಂತ ನಿಮಗೇ ಗೊತ್ತಾಗುತ್ತದೆ. ಅವನು "ಹ್ಞೂಂ" ಅಂದಾಗ ಅವನು ಊಟ ಮಾಡಿದ ಅಂತ ಖುಷಿಯಾದರೆ ಅದು ಪ್ರೀತಿ. "ಬರೀ ಹ್ಞೂಂ ಯಾಕೆ? ದಿನಾ ‘ಆಯ್ತು ಚಿನ್ನ, ನಿಂದು?’ ಅಂತಿದ್ನಲ್ಲ" ಅಂತ ಅಳೆಯಲು ಕೂತರೆ ನೀವು ಕೇಳಿದ್ದು ಬೇರೆಯದೇ ಪ್ರಶ್ನೆ. ಅವನ ಲಾಸ್ಟ್ ಸೀನ್ ನೋಡುವುದು, ಇನ್‌ಸ್ಟಾಗ್ರಾಮ್‌ನಲ್ಲಿ ಹಸಿರು ಚುಕ್ಕೆ ಇದೆಯಾ ಅಂತ ಹುಡುಕುವುದು, ಅವನ ಗೆಳೆಯನಿಗೆ ಮೆಸೇಜ್ ಹಾಕುವುದು, ಹಳೆಯ ಚಾಟ್ ತೆಗೆದು "ಆಗ ಎಷ್ಟು ಪ್ರೀತಿ ಇತ್ತು" ಅಂತ ಓದುವುದು, ಇವೆಲ್ಲ ಅದೇ ಸಾಲಿಗೆ ಸೇರುತ್ತವೆ. ಹತ್ತು ನಿಮಿಷ ಕಾಯುವಾಗ ಇವೂ ಇರಬಾರದು.

ವಾಟ್ಸಾಪ್‌ನ Privacy ಒಳಗೆ Last seen and online ಮುಚ್ಚಿಟ್ಟರೆ ನಿಮಗೂ ಬೇರೆಯವರದು ಕಾಣುವುದಿಲ್ಲ. Read receipts ಆಫ್ ಮಾಡಿದರೂ ಹಾಗೆಯೇ, ಇಬ್ಬರ ನೀಲಿ ಗೆರೆಯೂ ಹೋಗುತ್ತದೆ. ಶುರುವಿನ ದಿನಗಳಲ್ಲಿ ಇದು ಉಪಯೋಗ. ಆದರೆ ಇದರಿಂದ ನೋಡುವ ಆಸೆ ಕಡಿಮೆ ಆಗುತ್ತದೆ ಅಷ್ಟೆ, ಕಾಯುವ ಶಕ್ತಿ ಬರುವುದಿಲ್ಲ. ಲೈವ್ ಲೊಕೇಶನ್ ಹಂಚಿಕೊಳ್ಳುವುದು, ಪಾಸ್‌ವರ್ಡ್ ಕೊಡುವುದು ಬೇಡವೇ ಬೇಡ. ನೋಡಲು ಇನ್ನೊಂದು ಪರದೆ ಸಿಗುತ್ತದೆ, ಅಷ್ಟೇ.

ಇನ್ನು ನಿಮ್ಮ ಹುಡುಗ. ಅವನಿಗೆ ಹೇಳದೆ ಇದನ್ನು ಮಾಡುವುದು ಕಷ್ಟ. ಅದಕ್ಕಿಂತ ಕೆಟ್ಟದ್ದು, ಅವನು ಒಂದು ದಿನ ಇದ್ದಕ್ಕಿದ್ದಂತೆ "ಇನ್ಮೇಲೆ ಇದಕ್ಕೆಲ್ಲ ಉತ್ತರ ಕೊಡಲ್ಲ" ಅನ್ನುವುದು. ನಿಮ್ಮ ಭಯವೇ ಕೈಬಿಡುತ್ತಾನೆ ಅನ್ನುವುದು, ಅವನು ಮಾಡಿದ್ದೂ ಅದೇ ಥರ ಕಾಣುತ್ತದೆ. ಆದ್ದರಿಂದ ಇಬ್ಬರೂ ನೆಮ್ಮದಿಯಾಗಿರುವ ಒಂದು ಹೊತ್ತಿನಲ್ಲಿ, ಜಗಳದ ಮಧ್ಯೆ ಅಲ್ಲ, ಕೂತು ಮಾತಾಡಿ. ನಾನು ಹೇಳಿದ ಜೋಡಿ ಮಾಡಿಕೊಂಡ ಒಪ್ಪಂದ ಹೀಗಿತ್ತು. ಪ್ರಶ್ನೆಗೆ ಒಂದು ಸಲ ನೇರ ಉತ್ತರ. ಎರಡನೇ ಸಲ ಕೇಳಿದರೆ ಅವನು ಹೇಳಬೇಕಾದ ಮಾತನ್ನು ಅವಳೇ ಬರೆದುಕೊಟ್ಟಳು: "ಭಯ ಬಂದಿದೆ ಅಲ್ವಾ? ಉತ್ತರ ಹೇಳಿದ್ದೀನಿ, ಮತ್ತೆ ಹೇಳಿದ್ರೆ ನಿಂಗೇ ಕಷ್ಟ. ಎಂಟೂವರೆಗೆ ಫೋನ್ ಮಾಡ್ತೀನಿ." ಎಂಟೂವರೆಯ ಫೋನ್ ಅವಳು ಕೇಳಿದರೂ ಕೇಳದಿದ್ದರೂ ಬರಬೇಕು. ಈ ಕೊನೆಯ ಭಾಗವೇ ಮುಖ್ಯ. ಪ್ರೀತಿ ಅಂಗಲಾಚಿದಾಗ ಮಾತ್ರ ಸಿಗುವ ವಸ್ತು ಆಗಬಾರದು. ಗೊತ್ತಾದ ಹೊತ್ತಿಗೆ ತಾನಾಗೇ ಬರುವ ಮಾತಿಗೆ ಇರುವ ಬಲ, ಕೇಳಿ ಪಡೆದ ಹತ್ತು "ಇಲ್ಲ ಕಣೇ"ಗಳಿಗೆ ಇರುವುದಿಲ್ಲ.

ಏನನ್ನೂ ಕೇಳಬಾರದು ಅಂತ ಅರ್ಥ ಅಲ್ಲ. "ಇವತ್ತು ಆಫೀಸಲ್ಲಿ ತುಂಬಾ ಕಷ್ಟ ಆಯ್ತು, ಹತ್ತು ನಿಮಿಷ ಮಾತಾಡು" ಅನ್ನುವುದು ಸಂಬಂಧದಲ್ಲಿ ನ್ಯಾಯವಾದ ಬೇಡಿಕೆ. ಅದಕ್ಕೆ ಅವನು ಮಾತಾಡಿದರೆ ಮುಗಿಯುತ್ತದೆ. "ನಿಜವಾಗ್ಲೂ ಪ್ರೀತಿಸ್ತೀಯಾ?" ಅನ್ನುವುದಕ್ಕೆ ಏನು ಹೇಳಿದರೂ ಮುಗಿಯುವುದಿಲ್ಲ. ಖಿನ್ನತೆ ಇರುವವರು ಹೀಗೆ ಕೇಳುತ್ತಾ ಹೋದಂತೆ ಹತ್ತಿರದವರು ಒಳಗೊಳಗೇ ದೂರವಾಗುವುದನ್ನು ಮನೋವಿಜ್ಞಾನಿ ಜೇಮ್ಸ್ ಕಾಯ್ನ್ 1976ರಲ್ಲಿ ವಿವರಿಸಿದರು. ನಿಮ್ಮ ಮನಸ್ಸು ಕೆಲವು ವಾರಗಳಿಂದ ಸದಾ ಕುಗ್ಗಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ ಅದನ್ನೂ ಡಾಕ್ಟರಿಗೆ ತೋರಿಸಿ. ಬರೀ ಮೆಸೇಜಿನ ಸಮಸ್ಯೆ ಅಂತ ಬಿಡಬೇಡಿ. ದಿನದಲ್ಲಿ ಗಂಟೆಗಟ್ಟಲೆ ಇದೇ ಯೋಚನೆ ಸುತ್ತುತ್ತಿದ್ದರೆ ಅದು ಸಂಬಂಧದ ಸುತ್ತ ಬರುವ ಓಸಿಡಿಯೂ ಇರಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಅದನ್ನು ನೋಡುತ್ತಾರೆ. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ. ಸಾಯಬೇಕು ಅನ್ನಿಸಿದರೆ ಒಂದು ಕ್ಷಣವೂ ಕಾಯಬೇಡಿ.

ಇನ್ನೊಂದು ಸಾಧ್ಯತೆಯನ್ನು ನೀವು ಪ್ರಾಮಾಣಿಕವಾಗಿ ನೋಡಬೇಕು. ಮೇಲೆ ಹೇಳಿದ್ದೆಲ್ಲ ನಂಬಿಕೆಗೆ ಅರ್ಹನಾದ ಹುಡುಗನ ಜೊತೆ ಇರುವವರಿಗೆ. ಅವನು ಜಗಳವಾದಾಗ ಶಿಕ್ಷೆ ಅಂತ ಎರಡು ಮೂರು ದಿನ ಮಾತು ಬಿಡುತ್ತಾನಾ? ತನಗೆ ಬೇಕಾದಾಗ ಮಾತ್ರ ಸಿಗುತ್ತಾನಾ? ನಿಮ್ಮನ್ನು ಗೆಳೆಯರಿಂದ ಮುಚ್ಚಿಡುತ್ತಾನಾ? ಹೇಳಿದ ಮಾತಿಗೂ ನಡೆದದ್ದಕ್ಕೂ ತಾಳೆ ಆಗುವುದಿಲ್ಲವಾ? ಹಾಗಿದ್ದರೆ ನಿಮ್ಮ ಭಯ ಸರಿಯಾದದ್ದನ್ನೇ ಹೇಳುತ್ತಿರಬಹುದು, ಅದನ್ನು ಹತ್ತು ನಿಮಿಷ ತಡೆಯುವ ಅಭ್ಯಾಸದಿಂದ ಒತ್ತಿಡಬೇಡಿ. ನೀವು ಬರೆದ ಪುಸ್ತಕವೇ ಇಲ್ಲೂ ಸಹಾಯಕ್ಕೆ ಬರುತ್ತದೆ. ನಿಜವಾದ ಕಾರಣದ ಜಾಗದಲ್ಲಿ ಬಸ್ಸು, ನಿದ್ದೆ, ಚಾರ್ಜು ತುಂಬಿವೆಯಾ? ಅಥವಾ "ಹೇಳಲಿಲ್ಲ", "ಕೇಳಿದ್ದಕ್ಕೆ ರೇಗಿದ", "ಸುಳ್ಳು ಅಂತ ಆಮೇಲೆ ಗೊತ್ತಾಯ್ತು" ಇವೇ ಇವೆಯಾ? ಎರಡನೆಯದಾದರೆ ಮಾತಾಡಬೇಕಾದ ವಿಷಯ ನಿಮ್ಮ ಆತಂಕ ಅಲ್ಲ, ಅವನ ನಡತೆ.

ಮೊದಲನೆಯದಾದರೆ ಈ ವಾರ ಬರೆಯಲು ಶುರು ಮಾಡಿ, ಮುಂದಿನ ವಾರ ಹತ್ತು ನಿಮಿಷ. ನಿದ್ದೆಗೆಟ್ಟ ದಿನ, ಮುಟ್ಟಿನ ಹಿಂದಿನ ದಿನಗಳು, ಅವನು ನೆಟ್‌ವರ್ಕ್ ಇಲ್ಲದ ಊರಿಗೆ ಹೋದಾಗ ನಲವತ್ತು ನಿಮಿಷ ತಡೆದವರೂ ಐದಕ್ಕೆ ಜಾರಬಹುದು. ಆಗ ಲೆಕ್ಕವನ್ನು ಮತ್ತೆ ಹತ್ತರಿಂದ ಶುರು ಮಾಡಿ, ಎಂಟೂವರೆಯ ಫೋನ್ ಮಾತ್ರ ತಪ್ಪದಂತೆ ನೋಡಿಕೊಳ್ಳಲು ಅವನಿಗೆ ಹೇಳಿ.