ಹಳೇ ಮ್ಯಾನೇಜರ್ ಹತ್ರ ಲೆಟರ್ ಕೇಳೋವಾಗ ಅವರ ಕೈಲಿ ಆಗೋದನ್ನಷ್ಟೇ ಕೇಳಿ

ಪ್ರಶ್ನೆ: ಕೆನಡಾ ಪಿಆರ್‌ಗೆ ಹಳೇ ಕಂಪನಿ ಮ್ಯಾನೇಜರ್ ಕಡೆಯಿಂದ ರೆಫರೆನ್ಸ್ ಲೆಟರ್ ಬೇಕು. ಕೆಲಸ ಬಿಟ್ಟು ನಾಲ್ಕು ವರ್ಷ ಆಯ್ತು, ಟಚ್‌ನಲ್ಲಿಲ್ಲ. ಮೊದಲು ಫೋನ್ ಮಾಡಿ ಸಂಬಂಧ ಸರಿಮಾಡ್ಕೊಂಡು ಆಮೇಲೆ ಕೇಳ್ಲಾ? ಅವರು ಇಲ್ಲ ಅನ್ನದ ಹಾಗೆ ಹೇಗೆ ಕೇಳೋದು?

ನಾನು ದಾವಣಗೆರೆಯವನು, ಪುಣೆಗೆ ಬಂದು ಎಂಟು ವರ್ಷದ ಮೇಲಾಯ್ತು. ಹಿಂಜವಡಿಯ ಒಂದು ಐಟಿ ಕಂಪನಿ ಬಿಟ್ಟು ಮೂರೂವರೆ ವರ್ಷ ಆದ್ಮೇಲೆ ನಂಗೂ ಇದೇ ಲೆಟರ್ ಬೇಕಾಯ್ತು. ಅಲ್ಲಿ ನನ್ನ ಮ್ಯಾನೇಜರ್ ಆಗಿದ್ದೋರು ಧಾರವಾಡ ಕಡೆಯೋರು, ಇಡೀ ಟೀಮಲ್ಲಿ ಕನ್ನಡದೋರು ಅಂದ್ರೆ ನಾವಿಬ್ರೇ, ದಿನಾ ಮಧ್ಯಾಹ್ನ ಒಟ್ಟಿಗೆ ಡಬ್ಬಿ ಬಿಚ್ತಿದ್ವಿ. ಕೆಲಸ ಬಿಟ್ಟ ಮೇಲೂ ಹಬ್ಬಕ್ಕೆ ಮೆಸೇಜು, ಅವರ ಮಗಳ ಪಿಯುಸಿ ರಿಸಲ್ಟ್ ಬಂದಾಗ ಫೋನು, ಎಲ್ಲಾ ಇತ್ತು. ಸಂಬಂಧ ಇಷ್ಟು ಚೆನ್ನಾಗಿದ್ದೂ ನನ್ನ ಲೆಟರ್ ಒಂದು ತಿಂಗಳು ಒಂದಿಂಚೂ ಮುಂದೆ ಹೋಗ್ಲಿಲ್ಲ. ಅದಕ್ಕೇ ಮೊದಲು ಸಂಬಂಧ ಸರಿಮಾಡ್ಕೊಳ್ಳೋದು ಅನ್ನೋ ನಿಮ್ಮ ಯೋಚನೆನ ನಾನು ಒಪ್ಪಲ್ಲ. ನಾಲ್ಕು ವರ್ಷ ಸುಮ್ನಿದ್ದು ಈಗ ಆರೋಗ್ಯ ವಿಚಾರಿಸಿ ಹದಿನೈದು ದಿನ ಬಿಟ್ಟು ಲೆಟರ್ ಕೇಳಿದ್ರೆ ಅವರಿಗೆ ಬೇಜಾರೇ ಆಗೋದು. ಮೊದಲ ಮೆಸೇಜಲ್ಲೇ ವಿಷಯ ಹೇಳಿ.

2024ರ ಶುರುವಲ್ಲಿ ನಂಗೆ ಐಟಿಎ ಬಂತು, ಅಂದ್ರೆ ಪಿಆರ್‌ಗೆ, ಅಲ್ಲಿ ಕಾಯಂ ಆಗಿ ಇರೋಕೆ, ಅರ್ಜಿ ಹಾಕಿ ಅಂತ ಕೆನಡಾ ಸರ್ಕಾರದ ಕರೆ. ಅದು ಬಂದ ದಿನದಿಂದ 60 ದಿನದೊಳಗೆ ಎಲ್ಲಾ ಕಾಗದ ಅಪ್‌ಲೋಡ್ ಆಗ್ಬೇಕು, ಇಲ್ಲಾಂದ್ರೆ ಆ ಕರೆ ಹೋಯ್ತು ಅಂತಲೇ ಲೆಕ್ಕ, ಮತ್ತೆ ಹೊಸದಾಗಿ ಪ್ರೊಫೈಲ್ ಹಾಕಿ, ಕರೆಗೆ ಕಾಯೋರ ಪೂಲ್‌ನಲ್ಲಿ ನಿಲ್ಬೇಕು. ನಾನು ನಾಲ್ಕನೇ ದಿನ ಸರ್‌ಗೆ ವಾಟ್ಸಾಪ್ ಮಾಡ್ದೆ. ಅದರಲ್ಲಿ ಏನು ಬರೆದಿದ್ದೆ ಅಂತ ಹೇಳ್ತೀನಿ, ಯಾಕಂದ್ರೆ ತಪ್ಪೆಲ್ಲಾ ಅದರಲ್ಲೇ ಇದೆ. "ಸರ್, ಕೆನಡಾಗೆ ಅಪ್ಲೈ ಮಾಡ್ತಿದ್ದೀನಿ, ಕಂಪನಿ ಲೆಟರ್‌ಹೆಡ್ ಮೇಲೆ ಒಂದು ರೆಫರೆನ್ಸ್ ಲೆಟರ್ ಬೇಕಿತ್ತು, ಎನ್‌ಒಸಿ ಪ್ರಕಾರ ನನ್ನ ಕೆಲಸ, ಸಂಬಳ, ವಾರಕ್ಕೆ ಎಷ್ಟು ಗಂಟೆ ಎಲ್ಲಾ ಇರ್ಬೇಕು, ನಿಮಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಬರೆದುಕೊಡಿ." ಹತ್ತೇ ನಿಮಿಷಕ್ಕೆ ಉತ್ತರ ಬಂತು, "ಆತು, ಮಾಡೂಣು." ನಾನು ಖುಷಿಯಾಗಿ ಪೊಲೀಸ್ ಕ್ಲಿಯರೆನ್ಸು, ಬ್ಯಾಂಕಿನ ಕಾಗದ ಅಂತ ಓಡಾಡ್ಕೊಂಡಿದ್ದೆ. ಹನ್ನೆರಡನೇ ದಿನ ನೆನಪಿಸಿದ್ರೆ "ಈ ವಾರ" ಅಂದ್ರು. ಇಪ್ಪತ್ತನೇ ದಿನ ಬ್ಲೂ ಟಿಕ್ ಬಂತು, ಉತ್ತರ ಬರ್ಲಿಲ್ಲ. ನಂಗೆ ಒಳಗೊಳಗೇ ಸಿಟ್ಟು, ಇಷ್ಟು ವರ್ಷ ಜೊತೆಗಿದ್ದು ಒಂದು ಸಹಿ ಹಾಕಕ್ಕಾಗಲ್ವಾ ಅಂತ.

29ನೇ ದಿನ ಸಂಜೆ ವಾಕಡ್‌ನಲ್ಲಿ ಒಂದು ಚಹಾ ಟಪರಿ ಹತ್ರ ಸರ್‌ನ ಹಿಡಿದೆ. ಅವರು ಎರಡು ಕಟಿಂಗ್ ಚಹಾ ಹೇಳಿ, ಸ್ವಲ್ಪ ಹೊತ್ತು ಸುಮ್ನಿದ್ದು ಆಮೇಲೆ ಹೇಳಿದ್ರು. "ಲೆಟರ್‌ಹೆಡ್ ಮ್ಯಾಲೆ ಸೈನ್ ಮಾಡೋ ಪವರ್ ನನಗಿಲ್ಲಪಾ. ಅದು ಬರೇ ಎಚ್‌ಆರ್‌ಗೆ. ನಾ ಮಾಡಿದ್ರ ನನ್ನ ನೌಕರಿಗೇ ಬರತೈತಿ. ನಿನಗ ಹೆಂಗ್ ಇಲ್ಲ ಅನ್ಲಿ ಅಂತ ಸುಮ್ನಾದೆ." ಇನ್ನೊಂದು ವಿಷಯನೂ ಆಗ್ಲೇ ಗೊತ್ತಾಗಿದ್ದು. ನಾನು ಬರೆದ ಎನ್‌ಒಸಿ ಅಂದ್ರೆ ಕೆನಡಾದವರ ಉದ್ಯೋಗಗಳ ಪಟ್ಟಿ, ಅವರು ನಮ್ಮೂರಲ್ಲಿ ಎಲ್ಲರೂ ಹೇಳೋ ನೋ ಆಬ್ಜೆಕ್ಷನ್ ಸರ್ಟಿಫಿಕೇಟ್ ಅಂದ್ಕೊಂಡು ಎಚ್‌ಆರ್‌ಗೆ ಕೇಳಿದ್ದಾರೆ, ಎಚ್‌ಆರ್ ಬಿಟ್ಟುಹೋದವರಿಗೆ ಅದ್ಯಾಕೆ ಅಂದಿದೆ, ವಿಷಯ ಅಲ್ಲಿಗೇ ನಿಂತಿದೆ. ಅವರಿಗೆ ಮನಸ್ಸಿರ್ಲಿಲ್ಲ ಅಂತಲ್ಲ. ನಾನು ಕೇಳಿದ್ದರಲ್ಲಿ ಲೆಟರ್‌ಹೆಡ್ ಅವರ ಕೈಯಲ್ಲಿರ್ಲಿಲ್ಲ, ನನ್ನ ಸಂಬಳ ಅವರಿಗೆ ಗೊತ್ತಿರ್ಲಿಲ್ಲ, ಎನ್‌ಒಸಿ ಅರ್ಥವೇ ಆಗಿರ್ಲಿಲ್ಲ, ಅದರ ಮೇಲೆ ಖಾಲಿ ಹಾಳೆ ಕೊಟ್ಟು ನೀವೇ ಬರೀರಿ ಅಂದಿದ್ದೆ. ನಾಲ್ಕು ವರ್ಷದ ಹಿಂದೆ ನಾನು ಯಾವ ಮಾಡ್ಯೂಲ್ ಮೇಲೆ ಕೆಲಸ ಮಾಡ್ದೆ ಅಂತ ಅವರಿಗೆ ಹೇಗೆ ನೆನಪಿರುತ್ತೆ? ನಮ್ಮ ಜನ ದಾಕ್ಷಿಣ್ಯಕ್ಕೆ ಇಲ್ಲ ಅನ್ನಲ್ಲ, ನೋಡೋಣ, ಮಾಡೋಣ ಅಂತಾರೆ, ನಾವು ಅದನ್ನ ಹೂಂ ಅಂತ ಕೇಳಿಸ್ಕೊಂಡು ದಿನ ಕಳ್ಕೋತೀವಿ.

ಹಾಗಾಗಿ ಇಲ್ಲ ಅನ್ನದ ಹಾಗೆ ಕೇಳೋದು ಹೇಗೆ ಅಂತ ಯೋಚಿಸ್ಬೇಡಿ. ಇಲ್ಲ ಅನ್ನೋದಾದ್ರೆ ಮೊದಲ ವಾರದಲ್ಲೇ ಅನ್ನೋಕೆ ಅವರಿಗೆ ದಾರಿ ಬಿಡಿ, ಹೂಂ ಅನ್ನೋದಾದ್ರೆ ಅರ್ಧ ಗಂಟೆ ಕೆಲಸದಲ್ಲಿ ಮುಗಿಯೋ ಹಾಗೆ ಮಾಡಿಕೊಡಿ.

ಆವತ್ತು ರಾತ್ರಿ ಕೂತು ನಾನು ಕೆಲಸ ಎರಡು ಪಾಲು ಮಾಡ್ದೆ. ಕೆನಡಾದವರು ಕೇಳೋದು ಏನು ಅಂದ್ರೆ ಲೆಟರ್‌ಹೆಡ್ ಮೇಲೆ ನಿಮ್ಮ ಹುದ್ದೆ, ಮಾಡಿದ ಕೆಲಸಗಳು, ಯಾವಾಗಿಂದ ಯಾವಾಗಿನವರೆಗೆ, ವಾರಕ್ಕೆ ಎಷ್ಟು ಗಂಟೆ, ವರ್ಷದ ಸಂಬಳ ಮತ್ತು ಸೌಲಭ್ಯ, ಕಂಪನಿ ವಿಳಾಸ ಫೋನು, ಮೇಲಿನವರ ಅಥವಾ ಎಚ್‌ಆರ್‌ನವರ ಹೆಸರು, ಹುದ್ದೆ, ಸಹಿ. ಒಂದೇ ಲೆಟರಲ್ಲಿ ಇಷ್ಟೂ ಎಚ್‌ಆರ್ ಕೊಟ್ರೆ ಮ್ಯಾನೇಜರ್ ಗೊಡವೆಯೇ ಬೇಡ, ಅದಕ್ಕೇ ಮೊದಲು ಎಚ್‌ಆರ್‌ಗೆ ಇಮೇಲ್ ಮಾಡಿ. ನನ್ನ ಎಚ್‌ಆರ್ ಕೊಟ್ಟಿದ್ದು ಹುದ್ದೆ ಮತ್ತೆ ತಾರೀಖು ಇರೋ ಸರ್ವಿಸ್ ಸರ್ಟಿಫಿಕೇಟ್ ಅಷ್ಟೇ, ಕೆಲಸದ ವಿವರ ಬರೆಯಲ್ಲ ಅಂತ ಇಮೇಲಲ್ಲೇ ಹೇಳಿದ್ರು. ಆ ಇಮೇಲ್ ಜೋಪಾನವಾಗಿಡಿ, ಪೂರ್ತಿ ಲೆಟರ್ ಯಾಕಿಲ್ಲ ಅಂತ ವಿವರಿಸೋ ಪತ್ರದ ಜೊತೆ ಅದನ್ನೇ ಹಾಕೋದು. ಸಂಬಳಕ್ಕೆ ಪೇಸ್ಲಿಪ್ಪು, ಫಾರ್ಮ್ 16 ಹಾಕ್ದೆ. ಮ್ಯಾನೇಜರ್ ಪಾಲಿಗೆ ಉಳಿದಿದ್ದು ಅವರು ಕಣ್ಣಾರೆ ಕಂಡಿದ್ದು ಮಾತ್ರ, ಅಂದ್ರೆ ನಾನು ಏನು ಕೆಲಸ ಮಾಡ್ತಿದ್ದೆ, ವಾರಕ್ಕೆ ಎಷ್ಟು ಹೊತ್ತು. ಅದೂ ಸಾದಾ ಹಾಳೆ ಮೇಲೆ, ಅವರ ವೈಯಕ್ತಿಕ ಹೆಸರಲ್ಲಿ, "ಇವರು ನನ್ನ ಕೈಕೆಳಗೆ ಕೆಲಸ ಮಾಡಿದ್ದರು" ಅಂತ. ಇದು ಲೆಟರ್‌ಹೆಡ್‌ಗೆ ಸಮ ಅಂತ ನಾನು ಹೇಳಲ್ಲ, ಒಪ್ಪೋದು ಬಿಡೋದು ಫೈಲ್ ನೋಡೋ ಅಧಿಕಾರಿ ಕೈಲಿ, ಆದ್ರೆ ಎಚ್‌ಆರ್ ಕೊಡದೇ ಇದ್ದಾಗ ಬಹಳಷ್ಟು ಜನ ಹೋಗೋ ದಾರಿ ಇದೇ.

31ನೇ ದಿನ ಕಳಿಸಿದ ಮೆಸೇಜ್ ಹೀಗಿತ್ತು:

"ಸರ್, ಲೆಟರ್‌ಹೆಡ್ ಬೇಡ, ಕಂಪನಿ ಸೀಲೂ ಬೇಡ. ಏಪ್ರಿಲ್ 2018ರಿಂದ ಆಗಸ್ಟ್ 2020ರವರೆಗೆ ನಿಮ್ಮ ಟೀಮಲ್ಲಿ ನಾನು ಏನು ಕೆಲಸ ಮಾಡ್ದೆ ಅಂತ ಒಂದು ಪುಟ ಬರೆದು ಕಳಿಸಿದ್ದೀನಿ. ತಪ್ಪಿದ್ರೆ, ನೀವು ನೋಡದೇ ಇರೋದು ಇದ್ರೆ ಹೊಡೆದುಹಾಕಿ. ಸಂಬಳದ ವಿಷಯ ಇದರಲ್ಲಿಲ್ಲ. ಕೆನಡಾ ಕಡೆಯಿಂದ ವಿಚಾರಿಸೋಕೆ ನಿಮಗೆ ಫೋನ್ ಅಥವಾ ಇಮೇಲ್ ಬರಬಹುದು. ಆಗಲ್ಲ ಅನ್ಸಿದ್ರೆ ಗುರುವಾರದೊಳಗೆ ಒಂದು ಮಾತು ಹೇಳಿ, ಬೇಜಾರಿಲ್ಲ, ನಾನು ಆಗಿನ ಟೀಮ್ ಲೀಡ್‌ನ ಕೇಳ್ತೀನಿ."

ಮಾರನೇ ದಿನವೇ ಫೋನ್ ಬಂತು. "ಹಿಂಗ್ ಮೊದಲೇ ಕೇಳಿದ್ರ ಅವತ್ತ ಮುಗದಿರತಿತ್ತಲ್ಲೋ" ಅಂದ್ರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ತಾರೀಖು ಯಾಕೆ ಬರೆದೆ ಅಂದ್ರೆ, ನಾನು ಆ ಕಂಪನಿ ಸೇರಿದ್ದು ಜನವರಿ 2017ಕ್ಕೆ, ಇವರ ಕೆಳಗೆ ಬಂದಿದ್ದು ಏಪ್ರಿಲ್ 2018ಕ್ಕೆ. ಮೊದಲಿನ ಹದಿನೈದು ತಿಂಗಳಿಗೂ ಇವರ ಸಹಿನೇ ಹಾಕಿಸಿದ್ರೆ ಇವರು ನೋಡದೇ ಇರೋದಕ್ಕೆ ಸಾಕ್ಷಿ ಹೇಳಿದಂಗೆ. ಅಷ್ಟಕ್ಕೆ ಆಗಿನ ಲೀಡ್ ಹತ್ರ ಬೇರೆ ಲೆಟರ್ ತಗೊಂಡೆ.

ಡ್ರಾಫ್ಟ್ ನಾವೇ ಬರೆಯೋದರಲ್ಲಿ ತಪ್ಪೇನಿಲ್ಲ, ಆದ್ರೆ ಕೆನಡಾದವರ ಪಟ್ಟಿಯಲ್ಲಿರೋ ವಾಕ್ಯಗಳನ್ನ ಹಾಗೇ ಎತ್ತಿ ಅಂಟಿಸ್ಬೇಡಿ, ಅಧಿಕಾರಿಗೆ ನೋಡಿದ ತಕ್ಷಣ ಅನುಮಾನ ಬರುತ್ತೆ, ಸಹಿ ಹಾಕೋ ಮ್ಯಾನೇಜರ್‌ಗೂ ಅದು ನಿಮ್ಮ ಕೆಲಸ ಅನ್ಸಲ್ಲ. ಆ ಪಟ್ಟಿಯಲ್ಲಿ ನನ್ನ ಉದ್ಯೋಗದ ನಂಬರ್ 21232, ಸಾಫ್ಟ್‌ವೇರ್ ಡೆವಲಪರ್. ಪಟ್ಟಿಯಲ್ಲಿ ಕೋಡ್ ಬರೆಯೋದು, ಬದಲಾಯಿಸೋದು, ಟೆಸ್ಟ್ ಮಾಡೋದು ಅಂತಿದೆ, ನಾನು ಬರೆದಿದ್ದು "ಗೋದಾಮಿನ ಬಿಲ್ಲಿಂಗ್ ಮಾಡ್ಯೂಲಿಗೆ ಜಾವಾದಲ್ಲಿ ಕೋಡ್ ಬರೆದು, ರಿಲೀಸಿಗೆ ಮುಂಚೆ ಯೂನಿಟ್ ಟೆಸ್ಟ್ ಮಾಡುತ್ತಿದ್ದರು" ಅಂತ, ಅದೂ ಇಂಗ್ಲಿಷಲ್ಲಿ. ಇಂಥ ಆರು ಸಾಲು. ಅದನ್ನ ಓದ್ತಾ ಓದ್ತಾ ಸರ್‌ಗೆ ಹಳೇ ರಿಲೀಸ್ ರಾತ್ರಿಗಳೆಲ್ಲಾ ನೆನಪಾದ್ವಂತೆ. ಒಂದು ಸಾಲು ಮಾತ್ರ ಹೊಡೆದುಹಾಕಿದ್ರು, ಡಿಸೈನ್ ಮಾಡಿದ್ದು ನಾನು ಅಂತ ಬರೆದಿದ್ದೆ, "ಅದು ಬೆಂಗಳೂರು ಟೀಮ್ ಮಾಡಿದ್ದು, ನೀ ಮಾಡಿದ್ದಲ್ಲ" ಅಂದ್ರು. ಅವರು ಹೇಳಿದ್ದೇ ಸರಿ. ಆ ಸಾಲು ಹೋಗಿದ್ದರಿಂದ ನಷ್ಟ ಏನೂ ಆಗ್ಲಿಲ್ಲ, ಉಳಿದ ಐದಕ್ಕೆ ಅವರು ಧೈರ್ಯವಾಗಿ ಸಹಿ ಹಾಕಿದ್ರು. ಗಂಟೆ ವಿಷಯದಲ್ಲೂ ನಾನು 45 ಅಂತ ಬರೆದಿದ್ದನ್ನ ಊಟದ ಹೊತ್ತು ಕಳೆದು 40 ಮಾಡಿದ್ರು. ವಾರಕ್ಕೆ 30 ಗಂಟೆ ಇದ್ರೇ ಕೆನಡಾದವರು ಫುಲ್ ಟೈಮ್ ಅಂತ ಹಿಡಿಯೋದು, ಅದರ ಮೇಲಿನ ಗಂಟೆಗೆ ಏನೂ ಸಿಗಲ್ಲ, ಸುಮ್ನೆ ಜಾಸ್ತಿ ಬರೆಸೋಕೆ ಹೋಗ್ಬೇಡಿ.

ಕೊನೆಗೆ ನೋಟರಿ. ನೋಟರಿ ಮುಂದೆ ಸಹಿ ಹಾಕ್ಬೇಕಾದ್ದು ಅವರೇ, ನೀವು ಹಾಳೆ ಹಿಡ್ಕೊಂಡು ಹೋದ್ರೆ ಆಗಲ್ಲ, ಹಾಗಾಗಿ ಅವರ ಒಂದು ಗಂಟೆ ಬೇಕೇ ಬೇಕು. ಇದನ್ನೂ ನಾನೇ ಹಗುರ ಮಾಡ್ದೆ. ಶಿವಾಜಿನಗರ ಕೋರ್ಟ್ ಹತ್ರದ ಒಬ್ಬ ನೋಟರಿ ಜೊತೆ ಮುಂಚೇನೇ ಮಾತಾಡಿ, ಸ್ಟ್ಯಾಂಪ್ ಪೇಪರ್ ಮೇಲೆ ಪ್ರಿಂಟ್ ಹಾಕಿಸಿ, ಶನಿವಾರ ಹನ್ನೊಂದಕ್ಕೆ ಸರ್‌ನ ಮನೆಯಿಂದ ಕರ್ಕೊಂಡು ಹೋದೆ. ಆಧಾರ್ ಕಾರ್ಡು, ವಿಸಿಟಿಂಗ್ ಕಾರ್ಡು ಇಟ್ಕೊಂಡಿರಿ ಅಂತ ಹಿಂದಿನ ರಾತ್ರಿ ನೆನಪಿಸಿದ್ದೆ. ಅಲ್ಲಿ ಇಪ್ಪತ್ತು ನಿಮಿಷ ಹಿಡೀತು. ಖರ್ಚೆಲ್ಲಾ ನಂದೇ, ಅವರ ಜೇಬಿಗೆ ಕೈ ಹಾಕೋಕೆ ಬಿಡ್ಬೇಡಿ.

51ನೇ ದಿನ ಅರ್ಜಿ ಹಾಕ್ದೆ. ನೀವು ಐಟಿಎ ಬರೋವರೆಗೂ ಕಾಯ್ಬೇಡಿ, ಪ್ರೊಫೈಲ್ ಹಾಕಿದ ವಾರವೇ ಎಚ್‌ಆರ್‌ಗೆ ಒಂದು ಇಮೇಲು, ಮ್ಯಾನೇಜರ್‌ಗೆ ಒಂದು ಮೆಸೇಜು ಹೋಗ್ಲಿ, ಕೈಲಿ ಲೆಟರ್ ಇಟ್ಕೊಂಡೇ ಕಾಯಿರಿ. ಸಹಿ ಆದ ಲೆಟರಿನ ಸ್ಕ್ಯಾನ್ ಅವರಿಗೂ ಕಳಿಸಿಡಿ, ಆರು ತಿಂಗಳು ಬಿಟ್ಟು ಯಾರಾದ್ರೂ ಫೋನ್ ಮಾಡಿದ್ರೆ ತಾವು ಏನಕ್ಕೆ ಸಹಿ ಹಾಕಿದ್ದು ಅಂತ ಅವರು ತೆಗೆದು ನೋಡ್ಬೇಕಲ್ಲ. ನನ್ನ ಕೇಸಲ್ಲಿ ಯಾರೂ ಫೋನ್ ಮಾಡ್ಲಿಲ್ಲ, ಪಿಆರ್ ಬಂತು. ಬಂದ ದಿನ ಹೆಂಡತಿಗೆ ಹೇಳಿ ಎರಡನೇ ಫೋನ್ ಮಾಡಿದ್ದು ಸರ್‌ಗೇ.