ಪ್ರೊಬೇಷನ್‌ನಲ್ಲಿ ನೋಟಿಸ್ ಬೇಕೇ?

“ಪುಣೆಯಲ್ಲಿ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಯ್ತು, ಇನ್ನೂ ಪ್ರೊಬೇಷನ್. ನೋಟಿಸ್ ಕೊಡದೆ ತೆಗೀಬಹುದಾ?”

ನೇಮಕಾತಿ ಪತ್ರದಲ್ಲಿ ಹಾಗೆ ಬರೆದಿದ್ದರೆ ಸಾಮಾನ್ಯವಾಗಿ ತೆಗೆಯಬಹುದು. ತಿಂಗಳ ನೋಟಿಸ್ ಎಂದಿದ್ದರೆ ನೋಟಿಸನ್ನೋ ಅಷ್ಟರ ಸಂಬಳವನ್ನೋ ಕೊಡಬೇಕು.

ಆದರೆ ಆ ಕರಾರು ಇರುವುದು ಕೆಲಸ ಒಗ್ಗುತ್ತದೋ ಎಂದು ನೋಡುವುದಕ್ಕೆ, ಶಿಕ್ಷಿಸುವುದಕ್ಕಲ್ಲ. ಚಾಕಣದ ಕಾರ್ಖಾನೆಯಲ್ಲಿರುವ ವಿಜಯಪುರದ ಹುಡುಗನಿಗೆ ‘ಕೆಲಸ ತೃಪ್ತಿಕರವಾಗಿಲ್ಲ’ ಎಂದು ಪತ್ರ ಕೊಟ್ಟರೆ ಅದು ಬಹುತೇಕ ನಿಲ್ಲುತ್ತದೆ. ಸ್ಟೋರಿನ ಮಾಲು ಕದ್ದನೆಂಬ ಆರೋಪವೇ ನಿಜವಾದ ಕಾರಣವಾಗಿದ್ದರೆ, ಮೊದಲು ವಿಚಾರಣೆ ನಡೆಸಿ ಅವನ ಮಾತು ಕೇಳಬೇಕು. ಪತ್ರದಲ್ಲಿ ಕಳ್ಳತನದ ಸುದ್ದಿಯೇ ಎತ್ತದಿದ್ದರೂ ಕಾರ್ಮಿಕ ನ್ಯಾಯಾಲಯ ಒಳಗಿನ ಕಾರಣ ಕೆದಕಬಹುದು. ಅದಕ್ಕೇ ಶೋಕಾಸ್ ನೋಟಿಸ್, ಇಮೇಲ್‌ಗಳನ್ನು ಜೋಪಾನವಾಗಿಡಿ. ಮ್ಯಾನೇಜರ್ ಕೆಲಸದವರಿಗೆ ಮಾತ್ರ ಈ ದಾರಿ ಸಾಮಾನ್ಯವಾಗಿ ಇಲ್ಲ. ಖಾಸಗಿ ಕಂಪನಿಯಲ್ಲಿ ಅವರಿಗೆ ಹೆಚ್ಚಾಗಿ ಸಿಗುವುದು ನೋಟಿಸ್ ಅವಧಿಯ ಸಂಬಳವಷ್ಟೇ.